ಕಾರಿನ ಹಿಂದಿದ್ದ ರಂಗೋಲಿ

ಅಕ್ಕ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ಅಂಗಡಿ ತೆರೆದ ದಿನದ ಫೋಟೋ ತೆಗೆದವಳು ನಾನೇ. ನಾನು ಚಳ್ಳಕೆರೆಯ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಜೋಡಿಸುವ ಕೆಲಸ ಮಾಡುತ್ತೇನೆ. ಡಿಗ್ರಿ ಮುಗಿದ ಮೇಲೆ ಸ್ವಲ್ಪ ದಿನಕ್ಕೆಂದು ಸೇರಿದವಳು, ಕೆಲಸ ಹಿಡಿಸಿ ಉಳಿದುಬಿಟ್ಟೆ.

ಅಂಗಡಿ ರಸ್ತೆಗೆ ಮುಖ ಮಾಡಿದೆ. ಎತ್ತರದ ಜಗಲಿ, ಅದಕ್ಕೆ ಮೂರು ಮೆಟ್ಟಿಲು. ಅಕ್ಕ ಮತ್ತು ಭಾವ ಜಗಲಿಯ ಮೇಲೆ ನಿಂತಿದ್ದರು. ಅಕ್ಕನ ಕೈಯಲ್ಲಿ ಕುಂಕುಮದ ತಟ್ಟೆ. ಎದುರಿನ ಟೀ ಅಂಗಡಿಯ ಕಟ್ಟೆ ಹತ್ತಿ ಕ್ಯಾಮೆರಾ ಎತ್ತಿದರೆ, ಮೆಟ್ಟಿಲಿಗೆ ಅಡ್ಡವಾಗಿ ಯಾರದೋ ಬಿಳಿ ಕಾರು. ಭಾವ ಅಕ್ಕಪಕ್ಕ ವಿಚಾರಿಸಿ ಬಂದರು. ಕಾರಿನವರು ಸಿಗಲಿಲ್ಲ.

“ತೆಗಿಯೇ, ಆಮೇಲೆ ಕಾರು ಅಳಿಸಿದ್ರಾತು. ಅದೇ ತಾನೆ ನಿನ್ ಕೆಲ್ಸ?” ಎಂದು ಅಕ್ಕ ಅಲ್ಲಿಂದಲೇ ಕೂಗಿದಳು. ತೆಗೆದೆ.

ಫೋಟೋ ನೋಡುವ ಆತುರ ಅವಳಿಗೆ. ತಟ್ಟೆ ಹಿಡಿದೇ ಮೆಟ್ಟಿಲಿಳಿದು, ಕಾರಿನ ಮುಂಭಾಗ ಬಳಸಿ ರಸ್ತೆಗೆ ಕಾಲಿಟ್ಟಳು. ರಾಯದುರ್ಗದ ಕಡೆಯಿಂದ ಲಾರಿ ಬರುತ್ತಿತ್ತು. ಕಾರು ಅಡ್ಡವಿದ್ದುದರಿಂದ ಅವಳಿಗೆ ಲಾರಿ ಕಾಣಲಿಲ್ಲ, ಲಾರಿಯವನಿಗೆ ಅವಳು ಕಾಣಲಿಲ್ಲ. ನನ್ನ ಕಣ್ಣು ಆಗ ಕ್ಯಾಮೆರಾದ ಪರದೆಯ ಮೇಲಿತ್ತು. ಬ್ರೇಕಿನ ಚೀರಾಟಕ್ಕೆ ತಲೆ ಎತ್ತಿದಾಗ ಲಾರಿಯ ಅಂಚು ತಟ್ಟೆಗೆ ತಾಗಿ, ರಸ್ತೆಯ ಮೇಲೆಲ್ಲ ಕೆಂಪು. ಅದು ಕುಂಕುಮ ಎಂದು ಗೊತ್ತಾಗುವ ಮೊದಲು ನಾನು ಏನೆಂದುಕೊಂಡೆನೋ ಅದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಡ್ರೈವರ್ ಕೆಳಗಿಳಿದು, “ಏಮ್ಮಾ, ಸೂಸ್ಕೋವಾ!”, ನೋಡಿಕೊಳ್ಳಲ್ವಾ ಎಂದು ತೆಲುಗಿನಲ್ಲಿ ಬೈದ, ಹಾಗೇ ಅಲ್ಲೇ ರಸ್ತೆಯಂಚಿನಲ್ಲಿ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ಅಕ್ಕನಿಗೆ ಒಂದು ಗೀರೂ ಆಗಿರಲಿಲ್ಲ.

ಆದರೆ ಅವಳು ಮತ್ತೆ ಅಂಗಡಿಗೆ ಬರಲಿಲ್ಲ. ಅಡುಗೆ ಮಾಡುತ್ತಾಳೆ, ನಗುತ್ತಾಳೆ, ರಸ್ತೆಯ ಮಾತೆತ್ತಿದರೆ ಒಳಗೆ ಹೋಗುತ್ತಾಳೆ. ಭಾವ ಫೋನ್ ಮಾಡಿದರು. “ಸೀರೆ ಬಿಚ್ಚಿ ತೋರ್ಸೋದು ನನ್ ಕೈಲಾಗಂಗಿಲ್ಲಮ್ಮ. ಮಡಿಕೆ ಹಾಕೋದ್ರಾಗೆ ಗಿರಾಕಿ ಎದ್ದೋಗ್ತಾರೆ. ಆ ಕಾರು ಒಂದು ತೆಗದು ಫೋಟೋ ಕಳ್ಸು, ಗೋಡೆಗೆ ಹಾಕಾನ. ಅಂಗಡಿ ಅಂದ್ರೆ ಅವಳ ಕಣ್ಣಿಗೆ ಕಾರೇ ಬರ್ತೈತೆ. ಬರೀ ಅಂಗಡಿ ಕಂಡ್ರೆ ಬಂದಾಳು.”

ಕೆಲಸಕ್ಕೆ ಕುಳಿತೆ. ಕಾರಿನ ಸುತ್ತ ಗೆರೆ ಎಳೆದು ಆಯ್ಕೆ ಮಾಡುವಾಗ ಕೆಳಗಿನ ನೆರಳನ್ನೂ ಸೇರಿಸಬೇಕು. ಇಲ್ಲದಿದ್ದರೆ ಕಾರು ಹೋದ ಮೇಲೂ ಅದರ ನೆರಳು ರಸ್ತೆಯಲ್ಲಿ ನಿಂತಿರುತ್ತದೆ. ಅಂಚು ಸರಿಯಾಗಿ ಹಿಡಿಯಲು ಚಿತ್ರ ದೊಡ್ಡದು ಮಾಡಿದೆ. ಕಾರಿನ ಕಿಟಕಿಯ ಗಾಜಿನಲ್ಲಿ ದೂರದ ರಸ್ತೆಯ ಪ್ರತಿಬಿಂಬ, ಅದರಲ್ಲಿ ಒಂದು ನೀಲಿ ಮಚ್ಚೆ, ಮೇಲೆ ಹಳದಿ ಪಟ್ಟಿ. ಅದೇ ಲಾರಿ. ನಾನು “ಸ್ವಲ್ಪ ನಗ್ರೀ ಭಾವ” ಎನ್ನುತ್ತಿದ್ದಾಗಲೇ ಅದು ಗಾಜಿನೊಳಗೆ ಬಂದಿತ್ತು. ಎದ್ದು ನೀರು ಕುಡಿದು ಬಂದೆ.

ಮೊದಲು ಕಾರು ಅಳಿಸಿ, ಆ ಖಾಲಿ ಜಾಗವನ್ನು ಕಂಪ್ಯೂಟರಿಗೇ ತುಂಬಲು ಬಿಟ್ಟೆ. ಅದು ಕಾರಿನ ಜಾಗದಲ್ಲಿ ಕೆಂಪು ಹಂಚು ಹಾಸಿದ ಫುಟ್‌ಪಾತ್ ಬಿಡಿಸಿತು, ಮೂರು ಮೆಟ್ಟಿಲನ್ನು ಐದು ಮಾಡಿತು, ರಸ್ತೆಯಂಚಿನ ಬಿಳಿ ಗೆರೆಯನ್ನು ನಡುವೆ ಬಾಗಿಸಿತು. ಹಿಂದೆ ನಿಂತಿದ್ದ ಸ್ಟುಡಿಯೋ ಮಾಲೀಕರು ಕನ್ನಡಕ ಏರಿಸಿದರು.

“ಇದ್ಯಾವ ಊರಮ್ಮ? ಪರವಾಗಿಲ್ಲ, ನಿಮ್ಮಕ್ಕ ಫಾರಿನ್ನಾಗೆ ಅಂಗಡಿ ಇಟ್ಟವ್ಳೆ!”

ನಗು ಬಂತು. ಆದರೆ ಅಕ್ಕ ಕಾಲಿಡಬೇಕಾದದ್ದು ಇಲ್ಲದ ಊರಿನಲ್ಲಲ್ಲ. ಬಿಳಿ ಗೆರೆಯನ್ನು ನಾನೇ ಜೋಡಿಸಬಹುದು. ಕಾರಿನ ಎಡಬಲದಲ್ಲಿ ಕಾಣುವ ತುಂಡುಗಳ ನೇರ ಹಿಡಿದು ಎಳೆದು, ದೂರ ಹೋದಂತೆ ಸಣ್ಣಗಾಗಿಸಿ, ಅಲ್ಲಲ್ಲಿ ಬಣ್ಣ ಸವೆಸಿದರಾಯಿತು. ಡಾಂಬರಿನ ಕಲ್ಲನ್ನೂ ಅಕ್ಕಪಕ್ಕದಿಂದ ತಂದು ತುಂಬಬಹುದು, ಒಂದೇ ಕಲ್ಲು ಎರಡು ಕಡೆ ಕಾಣದಂತೆ ನೋಡಿಕೊಂಡರೆ ಸಾಕು. ಕಾರು ಪೂರ್ತಿ ಮುಚ್ಚಿದ್ದ ಚರಂಡಿ ಚಪ್ಪಡಿ, ಕೆಳಗಿನ ಮೆಟ್ಟಿಲು ಮಾತ್ರ ಹೊಸದಾಗಿ ತೆಗೆದ ಫೋಟೋದಿಂದಲೇ ಬರಬೇಕು. ಕಾರಿಲ್ಲದಾಗ, ಅದೇ ಜಾಗದಲ್ಲಿ ನಿಂತು, ಅದೇ ಬೆಳಗಿನ ಬಿಸಿಲಲ್ಲಿ ತೆಗೆದು ಕಳಿಸಿ ಎಂದು ಭಾವನಿಗೆ ಹೇಳಿದೆ.

ಕಳಿಸಿದರು. ರಸ್ತೆಯಲ್ಲೇ ನಿಂತು ತೆಗೆದಿದ್ದರು. ಕಟ್ಟೆಯ ಎತ್ತರವಿಲ್ಲದೆ ಚಪ್ಪಡಿಗಳು ಗೆರೆಯಷ್ಟು ತೆಳ್ಳಗೆ ಕಂಡವು, ನನ್ನ ಚಿತ್ರದ ಮೇಲೆ ಕೂರಲೇ ಇಲ್ಲ. ಮತ್ತೆ ಫೋನ್ ಮಾಡಿದಾಗ ಎತ್ತಿದವಳು ಅಕ್ಕ. ಭಾವ ಕಳಿಸಿದ ಫೋಟೋ ಹೊಂದುತ್ತಿಲ್ಲ ಎಂದೆ.

“ನಿಮ್ ಭಾವ ಎಲ್ಲಿ ನಿಂತ್ಕಂಡು ತೆಗುದ್ರು?”

“ರಸ್ತೇಲಿ.”

“ಅದಕ್ಕೇ. ನೀನು ಕಟ್ಟೆ ಮೇಲಿದ್ದೆ. ಟೀ ಅಂಗಡಿ ಕಂಬಕ್ಕೆ ಎಡಭುಜ ಒರಗಿಸ್ಕಂಡು.”

“ನಿಂಗೆಂಗೆ ಗೊತ್ತು?”

“ನಿನ್ನೇ ನೋಡ್ಕಂತ ಬಂದೆ ಕಣೇ.”

ಬೇರೇನೂ ತೋಚದೆ ಕೆಲಸದ ಮಾತೇ ಕೇಳಿದೆ. “ಅಕ್ಕಾ, ಅವತ್ತು ಕಾರಿನ ಹಿಂದೆ ಚಪ್ಪಡಿ ಮೇಲೆ ಏನಿತ್ತು?”

“ಅಯ್ಯೋ, ನನ್ ರಂಗೋಲಿ! ಕತ್ಲಿದ್ದಂಗೇ ಎದ್ದು ಹಾಕಿದ್ದೆ, ಎಂಟೆಸಳಿನ ಕಮಲ. ಆ ಮುಂಡೇದು ಬಂದು ಅದರ ಮುಂದೇ ನಿಲ್ಸಿದ್ದ. ಯಾರೂ ನೋಡ್ಲಿಲ್ಲ. ನೀನೂ ನೋಡ್ಲಿಲ್ಲ.”

“ನಾನೇ ಬಿಡಿಸಿ ಸೇರಿಸ್ತೀನಿ ಬಿಡು.”

“ನೀನಾ? ಚುಕ್ಕಿ ಇಡಾಕೂ ಬರಲ್ಲ ನಿಂಗೆ. ಅವ್ವ ಬೈದೂ ಬೈದೂ ಸಾಕಾಗಿತ್ತು.” ಫೋನ್ ಇಟ್ಟಳು.

ಆಮೇಲೊಂದು ಬೆಳಗ್ಗೆ ನಾನಿನ್ನೂ ಬಸ್ಸಿಳಿಯುತ್ತಿದ್ದಾಗ ಭಾವನ ಫೋನ್. ದನಿ ತಗ್ಗಿಸಿ ಹೇಳಿದರು: “ಬಂದವ್ಳೆ. ನಂಗೂ ಹೇಳ್ದಂಗೆ ಪುಡಿ ಡಬ್ಬಿ ಹಿಡ್ಕಂಡು ಬಂದವ್ಳೆ. ರಂಗೋಲಿ ಆತು. ಈಗ ದಾಟ್ತಾಳಂತೆ, ನಾನು ಕೈ ಅಡ್ಡ ಹಿಡೀಬೇಕಂತೆ.” ಹಿಂದಿನಿಂದ ಅಕ್ಕನ ದನಿ ಕೇಳಿಸಿತು: “ರೀ, ಫೋನಿಡ್ರಿ! ಆ ಕಡೆ ನೋಡ್ರಿ!” ಫೋನ್ ಕಟ್ಟಾಯಿತು.

ನಾನು ಬಸ್ ನಿಲ್ದಾಣದಲ್ಲೇ ನಿಂತುಬಿಟ್ಟೆ. ಕಣ್ಣು ಮುಚ್ಚಿದರೆ ಬ್ರೇಕಿನ ಸದ್ದು, ತೆರೆದರೆ ಕೆಂಪು. ಕೈಯಲ್ಲಿದ್ದ ಫೋನ್ ಒಮ್ಮೆ ನಡುಗಿತು. ಅಕ್ಕನ ನಂಬರಿನಿಂದ ಒಂದು ಚಿತ್ರ.

ಕಟ್ಟೆಯ ಮೇಲಿಂದ ತೆಗೆದದ್ದು. ಕಾರಿಲ್ಲದ ರಸ್ತೆ, ಸವೆದ ಬಿಳಿ ಗೆರೆ, ಮೂಲೆ ಒಡೆದ ಚಪ್ಪಡಿ, ಮೂರೇ ಮೆಟ್ಟಿಲು, ಮುಂದೆ ಎಂಟೆಸಳಿನ ಕಮಲ. ರಸ್ತೆಯ ಮಧ್ಯೆ ಭಾವ, ಬಸ್ಸು ನಿಲ್ಲಿಸುವವರ ಹಾಗೆ ಎರಡೂ ಕೈ ಚಾಚಿಕೊಂಡು. ಬರುವ ವಾಹನ ಒಂದೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ನಿಂತು ನಕ್ಕೆ, ಅತ್ತೆ.

ಸ್ಟುಡಿಯೋದಲ್ಲಿ ಅದನ್ನು ನನ್ನ ಚಿತ್ರದ ಮೇಲಿಟ್ಟು, ಜಗಲಿಯ ಅಂಚು ಮತ್ತು ಮೆಟ್ಟಿಲಿನ ಮೂಲೆ ಕೂಡಿಸಿದೆ. ಒಂಚೂರು ಎಳೆದು ಸರಿಪಡಿಸಿದ ಮೇಲೆ ಕೂತುಕೊಂಡಿತು. ಬಿಸಿಲಿನ ಬಣ್ಣ ಹೊಂದಿಸಿ, ಕಾರಿದ್ದಷ್ಟು ಜಾಗ ಮಾತ್ರ ಉಳಿಸಿ ಮಿಕ್ಕದ್ದು ಅಳಿಸಿದೆ. ರಂಗೋಲಿ ತನ್ನ ಜಾಗದಲ್ಲಿ ಬಂದು ನಿಂತಿತು. ಭಾವನ ಮೊಣಕೈ ಒಂದು ಬಿಳಿ ಗೆರೆಗೆ ಅಡ್ಡ ಬಂದಿತ್ತು. ಆ ತುಂಡು ಗೆರೆಯನ್ನಷ್ಟೇ ನಾನು ಕೈಯಿಂದ ಜೋಡಿಸಿದ್ದು.

ಕಾರಿರುವ ಮೂಲ ಚಿತ್ರವನ್ನು ಅಳಿಸಿಲ್ಲ. ಆ ಗಾಜನ್ನು ದೊಡ್ಡದು ಮಾಡಿ ನೋಡುವುದು ಕಡಿಮೆಯಾಗಿದೆ, ನಿಂತಿಲ್ಲ.

ಕಟ್ಟು ಹಾಕಿಸಿದ ಫೋಟೋ ಹಿಡಿದು ಮೊಳಕಾಲ್ಮೂರಿಗೆ ಹೋದಾಗ ಅಂಗಡಿ ತುಂಬ ಸೀರೆ ಹರಡಿತ್ತು, ನಡುವೆ ಅಕ್ಕ. ಗಿರಾಕಿಯ ಹೆಗಲ ಮೇಲೆ ಸೆರಗು ಹೊದಿಸುತ್ತಲೇ ಫೋಟೋ ಕಡೆ ಕಣ್ಣು ಹಾಯಿಸಿದಳು.

“ಈ ಕಡೆ ಎಸಳು ಸೊಟ್ಟಗೈತಲ್ಲೇ. ಇಷ್ಟೆಲ್ಲ ಮಾಡ್ದೋಳು ಅದೊಂದು ನೆಟ್ಟಗೆ ಮಾಡಾಕಾಗ್ಲಿಲ್ವಾ?”

“ನೀನೇ ಹಾಕಿದ್ದು.”

“ಕೈ ನಡುಗ್ತಿತ್ತು ಕಣೇ,” ಎಂದಳು. ಮತ್ತೊಂದು ಸೀರೆ ಬಿಚ್ಚಿದಳು.