ಅತ್ತೆಯ ಮುಖ ದುಂಡಗಾದ ವರ್ಷ

ಆ ವರ್ಷ ಚಂದಾಪುರದಲ್ಲಿ ನನಗೆ ಸಿಕ್ಕಷ್ಟು ಒಳ್ಳೆಯ ಹೆಸರು ಮುಂದೆಂದೂ ಸಿಕ್ಕಲಿಲ್ಲ. ಚಿಂಚೋಳಿಯ ಆಸ್ಪತ್ರೆಯಲ್ಲಿ ನಾನು ಡಾಕ್ಟರು. ಆದರೆ ಹೆಸರು ಬಂದದ್ದು ಡಾಕ್ಟರಿಕೆಯಿಂದಲ್ಲ, ಅತ್ತೆಯ ಮುಖದಿಂದ. ನಾನು ಮದುವೆಯಾಗಿ ಬಂದಾಗ ಕಡ್ಡಿಯಂತಿದ್ದ ಅತ್ತೆ ಕೆಲವೇ ತಿಂಗಳಲ್ಲಿ ಮೈ ತುಂಬಿಕೊಂಡಿದ್ದರು. ಕೆನ್ನೆ ಎರಡೂ ಊದಿ ಕೆಂಪಾಗಿದ್ದವು. ಮೊಣಕಾಲು ಹಿಡಿದುಕೊಂಡು ಗೋಡೆ ಗೋಡೆಗೆ ಆತು ನಡೆಯುತ್ತಿದ್ದವರು ಈಗ ದಡದಡ ಮಾಳಿಗೆ ಹತ್ತಿ ಮೆಣಸಿನಕಾಯಿ ಒಣಹಾಕುತ್ತಿದ್ದರು.

ಪಕ್ಕದ ಮನೆಯ ಹೆಂಗಸು ದಿನಾ ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ಅಕ್ಕಾ, ನಿಮ್ಮ ಸೊಸಿ ಭಾಳ ಚಲೋ ನೋಡ್ಕೊಳ್ಳಾಕತ್ತಾಳ್ರಿ. ಮುಖ ನೋಡ್ರಿ, ಹುಣ್ಣಿಮಿ ಚಂದ್ರ ಆಗ್ಯಾದ."

ನಾನು ಒಳಗಿನಿಂದಲೇ ಬೀಗುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದವರು ಅತ್ತೆಯೇ ಎಂಬುದು ಬೇರೆ ಮಾತು.

ಚಂದ್ರನ ಹೋಲಿಕೆ ಕೇಳಿಯೂ ನನ್ನ ತಲೆಗೆ ಏನೂ ಹೊಳೆಯಲಿಲ್ಲವೆಂಬುದೇ ಸೋಜಿಗ. ಏಕೆಂದರೆ ಆಗ ನಾನು ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುತ್ತಿದ್ದೆ. ಜೊತೆಗೆ ಓದುತ್ತಿದ್ದವರು ಸೇಡಂನಿಂದ ದಿನಾ ಬಸ್ಸಿನಲ್ಲಿ ನಮ್ಮ ಆಸ್ಪತ್ರೆಗೆ ಬಂದುಹೋಗುತ್ತಿದ್ದ ಇನ್ನೊಬ್ಬ ಡಾಕ್ಟರು. ಆ ಮನುಷ್ಯ ಚಹಾ ಬೇಕೇ ಎಂದು ಕೇಳಿದರೂ ನಾಲ್ಕು ಆಯ್ಕೆ ಕೊಡಿ ಎನ್ನುವ ಪೈಕಿ. ಇಬ್ಬರಿಗೂ ಹಾರ್ಮೋನುಗಳ ಅಧ್ಯಾಯವೆಂದರೆ ತಲೆನೋವು, ಅದರಲ್ಲೂ ಮೂತ್ರಪಿಂಡದ ಮೇಲಿನ ಗ್ರಂಥಿ ಸುರಿಸುವ ಕಾರ್ಟಿಸಾಲ್. ಅದು ಹೆಚ್ಚಾದರೆ ಮುಖ ಚಂದ್ರನಂತೆ ದುಂಡಗಾಗುತ್ತದೆಂದು ಪುಸ್ತಕದಲ್ಲೇ ಇತ್ತು. ಆದರೆ ಹೆಚ್ಚಾದರೆ ಯಾವ ಪರೀಕ್ಷೆ, ಕಡಿಮೆಯಾದರೆ ಯಾವ ಪರೀಕ್ಷೆ ಎಂಬುದನ್ನು ನಾವು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುತ್ತಲೇ ಇದ್ದೆವು.

ಕೊನೆಗೆ ಒಂದು ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅವರೇ ಒಂದು ದಾರಿ ಹುಡುಕಿದರು.

"ಮೇಡಂ, ಹಿಂಗ ನೆನಪಿಟ್ಕೋರಿ. ಹೆಚ್ಚಾಗಿ ಒದರಾವನ ಬಾಯಿ ಮುಚ್ಚಿಸಿ ನೋಡಬೇಕು. ಡೆಕ್ಸಾಮೆಥಾಸೋನ್ ಕೊಟ್ಟರ ಆರಾಮಿದ್ದವರ ಗ್ರಂಥಿ ಸುಮ್ಮನಾಗ್ತದ, ಕಾರ್ಟಿಸಾಲ್ ಇಳೀತದ. ಇಳೀಲಿಲ್ಲಂದ್ರ ಕುಶಿಂಗ್ ಅನ್ನೋ ರೋಗ. ಇನ್ನ ಕಡಿಮಿ ಇದ್ದಾವ ಮಲಗ್ಯಾನ. ಅವನಿಗಿ ಎಬ್ಬಿಸಿ ನೋಡಬೇಕು. ಎಸಿಟಿಎಚ್ ಇಂಜೆಕ್ಷನ್ ಕೊಟ್ಟರೂ ಏಳಲಿಲ್ಲಂದ್ರ ಗ್ರಂಥಿ ಸೋತದ."

"ಒದರಾವಗ ಡೆಕ್ಸಾ, ಮಲಗಿದಾವಗ ಎಸಿಟಿಎಚ್," ಎಂದು ನಾನು ಗಿಳಿಯಂತೆ ಒಪ್ಪಿಸಿದೆ.

ಅತ್ತೆ ಚಹಾ ತಂದಿಟ್ಟು, "ಮುಂಜಾನಿಂದ ಯಾರನ್ನ ಎಬ್ಬಿಸಾಕತ್ತೀರಿ? ನನ್ನ ಮಗ ಇನ್ನಾ ಮಲಗ್ಯಾನ, ಅವನ್ನ ಎಬ್ಬಸ್ರಿ," ಎಂದರು.

ಅವರು ಬಗ್ಗಿ ಕಪ್ಪು ಇಟ್ಟಾಗ ಸೆರಗು ಸರಿಯಿತು. ಕುತ್ತಿಗೆಯ ಹಿಂದೆ ಕೊಬ್ಬಿನ ಗುಪ್ಪೆ. ತೋಳು ಸಣ್ಣ, ಅದರ ಮೇಲೆ ಬಳೆ ತಾಗಿದ್ದಕ್ಕೇ ನೀಲಿಗಟ್ಟಿದ ಕಲೆಗಳು. ದುಂಡು ಮುಖ, ಕೆಂಪು ಕೆನ್ನೆ. ಹೊಸದಾಗಿ ಏರಿದ ಸಕ್ಕರೆ ಮತ್ತು ಬಿಪಿ ನನಗೆ ಗೊತ್ತೇ ಇದ್ದವು. ನಾನು ಸೇಡಂ ಡಾಕ್ಟರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಮ್ಮ ಪ್ರಶ್ನೆಪತ್ರಿಕೆ ಎರಡು ಕಾಲಿನ ಮೇಲೆ ನಡೆದು ಬಂದು ಚಹಾ ಕೊಟ್ಟಿತ್ತು. ನನಗೆ ಗಾಬರಿಯಾಗಬೇಕಿತ್ತು, ಆದರೆ ನಿಜ ಹೇಳುತ್ತೇನೆ, ಖುಷಿಯಾಯಿತು.

"ಅತ್ತಿ, ಜರಾ ಕುಂದರ್ರಿ. ಯಾವ್ಯಾವ ಗುಳಿಗಿ ತಗೋತೀರಿ?"

"ನೀ ಕೊಟ್ಟಿದ್ದೇ. ಬಿಪಿದು, ಸಕ್ರಿದು."

"ಮತ್ತ ಯಾವುದಾದರೂ ಇಂಜೆಕ್ಷನ್? ಮುಲಾಮು? ನಾಟಿ ಔಷಧ?" ಎಂದು ಸೇಡಂ ಡಾಕ್ಟರು ಪುಸ್ತಕದಲ್ಲಿದ್ದ ಕ್ರಮದಲ್ಲೇ ಕೇಳಿದರು.

ಅತ್ತೆ ಒಂದು ಗಳಿಗೆ ತಡೆದರು. "ಏನಿಲ್ರಿ," ಎಂದರು. ಆ ಒಂದು ಗಳಿಗೆಯನ್ನು ನಾವಿಬ್ಬರೂ ಲೆಕ್ಕಕ್ಕಿಡಲಿಲ್ಲ. ನಮಗೆ ಉತ್ತರ ಬೇಕಾಗಿತ್ತು, ಸಿಕ್ಕಿತು, ಮುಂದಕ್ಕೆ ಹೋದೆವು.

ಮಲಗುವ ಮುಂಚೆ ಡೆಕ್ಸಾಮೆಥಾಸೋನ್ ಕೊಟ್ಟು, ಮುಂಜಾನೆ ರಕ್ತ ತೆಗೆದು ಕಲಬುರಗಿಯ ಲ್ಯಾಬಿಗೆ ಕಳಿಸಿದೆ. ಫಲಿತಾಂಶ ಬಂತು. ಕಾರ್ಟಿಸಾಲ್ ಚೊಕ್ಕವಾಗಿ ಇಳಿದಿತ್ತು, ಇನ್ನೇನು ಇಲ್ಲವೇ ಇಲ್ಲವೆನ್ನುವಷ್ಟು. ಒದರುವವನ ಬಾಯಿ ಮುಚ್ಚಿತ್ತು. ಪುಸ್ತಕದ ಪ್ರಕಾರ ಕುಶಿಂಗ್ ಇಲ್ಲ.

"ಅಂದ್ರ ನಾ ಪಾಸು?" ಅತ್ತೆ ಕೇಳಿದರು.

"ಪಾಸ್ ಆದಂಗ."

"ಫೇಲ್ ಆದಾವರು ನೀವಿಬ್ರು." ಅವರು ಈ ಸುದ್ದಿಯನ್ನು ಓಣಿಯಲ್ಲಿ ಹಂಚಿದರು. ಸೊಸೆಯ ಪರೀಕ್ಷೆಗಿಂತ ಮೊದಲು ಅತ್ತೆಯ ಪರೀಕ್ಷೆ ಆಯಿತೆಂದು ಪಕ್ಕದ ಮನೆಯವಳು ನಕ್ಕಿದ್ದೇ ನಕ್ಕಿದ್ದು. ನಾನು ಮುಖ ಗಂಟಿಕ್ಕಿಕೊಂಡು ಮುಂದಿನ ಅಧ್ಯಾಯ ತೆರೆದೆ.

ಕೆಲವು ವಾರ ಕಳೆದ ಮೇಲೆ ಅತ್ತೆ ವಾಡಿಯಲ್ಲಿದ್ದ ಮಗಳ ಮನೆಗೆ ಹೋದರು. ಮಗಳ ಗಂಡ ರೈಲ್ವೆಯಲ್ಲಿದ್ದಾರೆ, ಅಲ್ಲೇ ಕ್ವಾರ್ಟರ್ಸು. ಹೋಗಿ ಒಂದು ವಾರದೊಳಗೇ ನಾದಿನಿ ಫೋನು ಮಾಡಿದಳು.

"ವೈನಿ, ಅವ್ವ ಎದ್ದು ನಿಂತರ ಕಣ್ಣಿಗಿ ಕತ್ತಲಿ ಬರ್ತದ ಅಂತಾಳ. ವಾಂತಿ ಮಾಡ್ಕೊಳ್ಳಾಕತ್ತಾಳ. ಒಂದ್ ತುತ್ತೂ ಉಣ್ಣವಲ್ಲಳು. ದೃಷ್ಟಿ ಆಗ್ಯಾದ ಅಂತ ನಿವಾಳಿಸೀನಿ."

ದೃಷ್ಟಿ ಆಗುವಂಥ ಮುಖವೇ ಅದು, ಅವಳ ತಪ್ಪಿಲ್ಲ. ಹತ್ತಿರದ ಆಸ್ಪತ್ರೆಗೆ ಸೇರಿಸಿ ಸಲೈನ್ ಹಚ್ಚಿಸು ಎಂದು ಹೇಳಿ, ನಾನೂ ಗಂಡನೂ ಕಾರಿನಲ್ಲಿ ಹೊರಟೆವು. ಸೇಡಂನಲ್ಲಿ ಆ ಡಾಕ್ಟರೂ ಹತ್ತಿಕೊಂಡರು. ಚಿತ್ತಾಪುರ ದಾಟುವವರೆಗೂ ಪರಸಿ ಕಲ್ಲಿನ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಹೋದೆವು. ದಾರಿಯಲ್ಲಿ ಅಲ್ಲಿನ ಡಾಕ್ಟರು ಫೋನಿನಲ್ಲಿ ಹೇಳಿದರು: ಬಿಪಿ ಬಿದ್ದಿದೆ, ಸಲೈನಿಗೂ ಸರಿಯಾಗಿ ಏರುತ್ತಿಲ್ಲ, ಸಕ್ಕರೆ ಕೆಳಗಿದೆ, ಮಾತು ಮಂಕಾಗುತ್ತಿದೆ. ನಮ್ಮಲ್ಲಿ ಸಕ್ಕರೆಯೂ ಬಿಪಿಯೂ ಜಾಸ್ತಿಯಿದ್ದ ಹೆಂಗಸು ಇವರೇ ಏನು ಎಂದು ನನಗೆ ಅರ್ಥವಾಗಲಿಲ್ಲ. ನನ್ನ ಗಂಡ ಹಾರ್ನು ಒತ್ತುತ್ತಲೇ ಇದ್ದ. ಈ ಮುದುಕಿ ಇಲ್ಲದಿದ್ದರೆ ನಾನು ಆ ಮನೆಯಲ್ಲಿ ಜಗಳವಾಡುವುದಾದರೂ ಯಾರೊಡನೆ ಎಂಬ ಯೋಚನೆ ಬಂತು.

"ಮೇಡಂ," ಸೇಡಂ ಡಾಕ್ಟರು ಹಿಂದಿನ ಸೀಟಿನಿಂದ ಮೆಲ್ಲಗೆ ಹೇಳಿದರು, "ಇದು ಕಾರ್ಟಿಸಾಲ್ ಕಡಿಮಿ ಆದಂಗ ಕಾಣ್ತದ."

"ಮುಖ ನೋಡಿದ್ರ ಹೆಚ್ಚಾದಂಗ ಅದ, ಬಿಪಿ ನೋಡಿದ್ರ ಕಡಿಮಿ ಆದಂಗ ಅದ. ಎರಡೂ ಹ್ಯಾಂಗ ಸರಿ ಆಗ್ತಾವ?"

ಅಂಥ ಆಯ್ಕೆ ನಮ್ಮ ಪುಸ್ತಕದಲ್ಲಿ ಇದ್ದಿರಬೇಕು, ನಾವು ಹಾರಿಸಿದ್ದೆವು.

ಆಸ್ಪತ್ರೆಯಲ್ಲಿ ಅತ್ತೆ ಅದೇ ಚಂದ್ರಮುಖ ಇಟ್ಟುಕೊಂಡು, ಬೆವತು, ಕಣ್ಣು ಅರೆ ಮುಚ್ಚಿ ಮಲಗಿದ್ದರು. ಕಿವಿಯ ಹತ್ತಿರ ಬಗ್ಗಿದೆ.

"ಅತ್ತಿ, ಏನು ತಗೋತಿದ್ರಿ? ಏನು ನಿಲ್ಲಿಸೀರಿ? ಖರೇ ಹೇಳ್ರಿ."

"ಹೇಳಬಾರದವ್ವ."

"ಯಾಕ?"

"ಹೇಳಿದ್ರ ಗುಣ ಹೋಗ್ತದ."

ನನಗೆ ಆಗ ತಿಳಿಯಿತು. ನಮ್ಮ ಕಡೆ ನಾಟಿ ಔಷಧ ಕೊಡುವವನು ಕೈಮೇಲೆ ಕೈಯಿಟ್ಟು ಮಾತು ತೆಗೆದುಕೊಳ್ಳುತ್ತಾನೆ. ಔಷಧದ ಸುದ್ದಿ ಬಾಯಿಬಿಟ್ಟರೆ ಅದರ ಗುಣ ಹೋಗುತ್ತದೆ. ಗಂಡನಿಗೆ ಹೇಳುವಂತಿಲ್ಲ, ಮಗನಿಗೆ ಹೇಳುವಂತಿಲ್ಲ, ಡಾಕ್ಟರ್ ಸೊಸೆಯ ಮಾತಂತೂ ಕೇಳಲೇಬೇಡಿ.

"ಹೋಗ್ಲಿರಿ ಅತ್ತಿ. ಆ ಗುಣ ಹೋಗಲಿ ಅಂತೇ ನಾ ಬಂದೀನಿ."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಸುಲೇಪೇಟದ ಸಂತೆಯಲ್ಲಿ ಒಬ್ಬ ಮೊಣಕಾಲಿಗೆ ಬೇರಿನ ಪುಡಿ ಕೊಡುತ್ತಾನಂತೆ. ದಿನಾ ಪೂಜೆ ಮುಗಿಸಿ ಮಜ್ಜಿಗೆಯಲ್ಲಿ ಕಲಸಿ ಕುಡಿಯುತ್ತಿದ್ದರಂತೆ, ಚಂದಾಪುರದಲ್ಲಿ ಮಾಳಿಗೆ ಹತ್ತಿಸಿದ್ದು ಅದೇ ಪುಡಿ. ವಾಡಿಗೆ ಬರುವಾಗ ಪೊಟ್ಟಣ ಮರೆತು ಬಂದಿದ್ದರು.

ಹಿಂದೆ ನಿಂತಿದ್ದ ಸೇಡಂ ಡಾಕ್ಟರು ತಲೆ ಹಿಡಿದುಕೊಂಡರು. ಬೇರಿನ ಹೆಸರಲ್ಲಿ ಅದರೊಳಗೆ ಡೆಕ್ಸಾದಂಥದ್ದೇ ಸ್ಟೀರಾಯ್ಡ್ ಇರಬೇಕು. ಅತ್ತೆ ತಿಂಗಳುಗಟ್ಟಲೆ ತಿನ್ನುತ್ತಿದ್ದದ್ದನ್ನೇ ನಾವು ಪರೀಕ್ಷೆಯೆಂದು ಇನ್ನೊಂದು ಗುಳಿಗೆ ಕೊಟ್ಟು, ಕಾರ್ಟಿಸಾಲ್ ಇಳಿಯಿತೆಂದು ಪಾಸು ಮಾಡಿದ್ದೆವು. ಇಳಿಯಲು ಅಲ್ಲಿ ಏನಿತ್ತು? ಹೊರಗಿನದು ಬಂದು ತುಂಬಿದ್ದಕ್ಕೆ ಮುಖ ದುಂಡಗಾಗಿತ್ತು. ಒಳಗಿನ ಗ್ರಂಥಿ ಕೆಲಸವಿಲ್ಲದೆ ಎಂದೋ ಮಲಗಿತ್ತು. ಪುಡಿ ನಿಂತ ಕೂಡಲೇ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ.

ರಕ್ತ ತೆಗೆದಿಟ್ಟು, ವರದಿಗೆ ಕಾಯದೆ ಕಾರ್ಟಿಸಾಲ್ ಬದಲಿಗೆ ಕೊಡುವ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟೆವು. ಇಂಥ ಹೊತ್ತಿನಲ್ಲಿ ಪರೀಕ್ಷೆ ಮೊದಲು ಎನ್ನುವವನು ರೋಗಿಯನ್ನು ಕಳೆದುಕೊಳ್ಳುತ್ತಾನೆ. ಕೆಲವು ಗಂಟೆಗಳಲ್ಲಿ ಬಿಪಿ ಏರಿತು. ಅತ್ತೆ ಕಣ್ಣು ಬಿಟ್ಟು ಮೊದಲು ಹೇಳಿದ ಮಾತು, "ನೋಡು, ಬಾಯಿ ಬಿಟ್ಟೆ, ಮೊಣಕಾಲು ನೋವು ಬಂತು." ನಾನು ಹೊರಗೆ ಹೋಗಿ ಅತ್ತುಬಿಟ್ಟೆ. ಹತ್ತಿರ ಬಂದ ನಾದಿನಿ ಯಾಕೆಂದು ಕೇಳಿದಳು, ಲಾರಿಯ ಧೂಳು ಎಂದೆ.

ತೆಗೆದಿಟ್ಟ ರಕ್ತದಲ್ಲಿ ಕಾರ್ಟಿಸಾಲ್ ತಳ ಕಂಡಿತ್ತು, ಗ್ರಂಥಿಯನ್ನು ಎಬ್ಬಿಸುವ ಎಸಿಟಿಎಚ್ ಕೂಡ. ಗ್ರಂಥಿಯೇ ಕೆಟ್ಟವರಲ್ಲಿ ಎಸಿಟಿಎಚ್ ಏರಿ ಮೈ ಕಪ್ಪಾಗುತ್ತದೆ, ಅತ್ತೆಗೆ ಹಾಗಾಗಿರಲಿಲ್ಲ. ಆಮೇಲೆ ಕಲಬುರಗಿಯ ಹಾರ್ಮೋನು ತಜ್ಞರು ಇಂಜೆಕ್ಷನ್ ಬದಲು ಶುರುವಾಗಿದ್ದ ಹೈಡ್ರೊಕಾರ್ಟಿಸೋನ್ ಗುಳಿಗೆಯನ್ನು ಹಿಂದಿನ ಸಂಜೆ ಬಿಡಿಸಿ, ಮುಂಜಾನೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ನೋಡಿದರು. ಗ್ರಂಥಿ ಮಿಸುಕಲಿಲ್ಲ.

"ಎದ್ದಾನೇನು ಅವ?" ಅತ್ತೆ ಕೇಳಿದರು. ನಮ್ಮ ಭಾನುವಾರದ ಪಾಠ ಅವರ ಕಿವಿಗೆ ಬಿದ್ದಿತ್ತು.

"ಇನ್ನಾ ಮಲಗ್ಯಾನ."

"ನನ್ನ ಮಗನಂಗೇ ಅದಾನ."

ಗುಳಿಗೆ ಮುಂದುವರಿಯಿತು. ನಡುವೆ ನಿಲ್ಲಿಸುವಂತಿಲ್ಲ, ಜ್ವರ ಬಂದರೆ ಹೆಚ್ಚಿಸಬೇಕು, ಬಹಳ ನಿಧಾನವಾಗಿ ಇಳಿಸಬೇಕು. ಬರಬರುತ್ತ ಕೆನ್ನೆ ಇಳಿದವು. ಒಂದು ದಿನ ಮರುಪರೀಕ್ಷೆಯಲ್ಲಿ ಕಾರ್ಟಿಸಾಲ್ ಸರಿಯಾಗಿ ಏರಿತು. ಗ್ರಂಥಿ ಎದ್ದಿತು. ನನ್ನ ಪರೀಕ್ಷೆಯ ಫಲಿತಾಂಶ ಕೇಳಬೇಡಿ.

ಆದರೆ ಮುಖದ ಜೊತೆ ನನ್ನ ಹೆಸರೂ ಇಳಿದಿತ್ತು. ಪಕ್ಕದ ಮನೆಯವಳು ಅದೇ ಬಾಗಿಲಲ್ಲಿ ನಿಂತು, "ಏನಕ್ಕಾ, ಇಷ್ಟ್ಯಾಕ ಸೊರಗೀರಿ? ಸೊಸಿ ಹೊಟ್ಟಿಗಿ ಹಾಕಂಗಿಲ್ಲೇನು?" ಎಂದಳು. ಒಳಗೆ ಪುಸ್ತಕ ಹಿಡಿದು ಕೂತಿದ್ದ ನನಗೆ ಮೈ ಉರಿಯಿತು. ಜಗಳಕ್ಕೆ ಸೆರಗು ಬಿಗಿದುಕೊಂಡೇ ಹೊರಗೆ ಬಂದೆ.

ಅತ್ತೆ ಉತ್ತರ ಕೊಡದೆ ಅವಳನ್ನೇ ನೋಡುತ್ತಿದ್ದರು. ಆಗ ನಾನೂ ನೋಡಿದೆ. ಅವಳ ಕೆನ್ನೆ ಕೆಂಪಾಗಿ ಊದಿದ್ದವು.

"ನಿನ್ನ ಮೊಣಕಾಲು ಹ್ಯಾಂಗವ?" ಅತ್ತೆ ಕೇಳಿದರು.

"ಈಗ ಭಾಳ ಆರಾಮ್ರಿ."

ಅತ್ತೆ ಅವಳ ಮುಂಗೈ ಹಿಡಿದು, ಎಳೆದು ತಂದು ನನ್ನ ಮುಂದೆ ನಿಲ್ಲಿಸಿದರು. "ಇಕಿನ್ನ ನೋಡು. ಗುಳಿಗಿ ಏನು ಅಂತ ಕೇಳಬ್ಯಾಡ. ಮಜ್ಜಿಗ್ಯಾಗ ಏನು ಕಲಸ್ತಾಳ ಕೇಳು. ಮತ್ತ ಒಮ್ಮಿಗೇ ಬಿಡಸಬ್ಯಾಡ."

ಅವಳ ಮುಖದ ಬಣ್ಣ ಇಳಿಯಿತು. "ಅಕ್ಕಾ, ಹೇಳಿದ್ರ ಗುಣ ಹೋಗ್ತದಲ್ರಿ..."

"ಗುಣ ಹೋಗ್ಲಿ," ಎಂದರು ಅತ್ತೆ, ಇಡೀ ಓಣಿಗೆ ಕೇಳುವಂತೆ. "ನೀ ಇರು."

ನಾನು ಬಿಗಿದ ಸೆರಗು ಸಡಿಲಿಸಿ ಅವಳಿಗೆ ಕುರ್ಚಿ ಎಳೆದು ಹಾಕಿದೆ.