ಊಟದ ಹೊತ್ತಿಗೆ ಬರುವ ರ‍್ಯಾಂಕು

ನೀಟ್ ಪರೀಕ್ಷೆಗೆ ತಯಾರಾಗಲೆಂದು ಮಗಳನ್ನು ಹಿಂದೂಪುರದ ಹಾಸ್ಟೆಲ್ ಕಾಲೇಜಿಗೆ ಸೇರಿಸಿದ್ದೆವು. ತಿಂಗಳಿಗೊಂದು ಭಾನುವಾರ ಭೇಟಿಗೆ ಬಿಡುತ್ತಿದ್ದರು. ಕಲ್ಯಾಣದುರ್ಗದಿಂದ ಬೆಳಗಿನ ಬಸ್ಸು ಹಿಡಿದು, ಹೋಳಿಗೆ, ಚಿತ್ರಾನ್ನ ಕಟ್ಟಿಕೊಂಡು ನಾನೂ ನನ್ನ ಗಂಡನೂ ಹೋಗುತ್ತಿದ್ದೆವು. ಕಾಲೇಜಿನ ಬೇವಿನ ಮರಗಳ ಕೆಳಗೆ ಸಂಸಾರಕ್ಕೊಂದು ದುಪ್ಪಟಿ ಹಾಸಿ ಎಲ್ಲರೂ ಊಟಕ್ಕೆ ಕೂರುವುದು ವಾಡಿಕೆ. ದೂರದಿಂದ ನೋಡಿದವರಿಗೆ ಮದುವೆ ಮನೆಯೇ.

ಆದರೆ ಶನಿವಾರ ಬರೆಸಿದ ಟೆಸ್ಟಿನ ಫಲಿತಾಂಶ ಬರುವುದೂ ಸರಿಯಾಗಿ ಅದೇ ಊಟದ ಹೊತ್ತಿಗೆ. ಮಾರ್ಕ್ಸು, ರ‍್ಯಾಂಕು, ಸೋಮವಾರದಿಂದ ಯಾವ ಸೆಕ್ಷನ್ನು ಎಂಬುದೆಲ್ಲ ಅಪ್ಪಂದಿರ ಫೋನಿಗೆ ಬರುತ್ತಿತ್ತು. ರ‍್ಯಾಂಕು ಬಿದ್ದವರು ಪುಸ್ತಕ ಎತ್ತಿಕೊಂಡು ಕೆಳಗಿನ ಸೆಕ್ಷನ್ನಿಗೆ ನಡೆಯಬೇಕು. ಯಾವ ಪುಣ್ಯಾತ್ಮ ಆ ಹೊತ್ತು ಗೊತ್ತು ಮಾಡಿದನೋ, ಅವನಿಗೆ ಮಕ್ಕಳಿರಲಿಕ್ಕಿಲ್ಲ.

ಆ ಭಾನುವಾರ ಒಂದಾದ ಮೇಲೊಂದು ಫೋನು ಸದ್ದು ಮಾಡಿದವು. ಮಗಳು ಬಾಯಿಯ ಹತ್ತಿರ ಒಯ್ದಿದ್ದ ಹೋಳಿಗೆಯನ್ನು ತಟ್ಟೆಗೆ ವಾಪಸಿಟ್ಟಳು. ನನ್ನ ಗಂಡ ಓದಿಕೊಂಡು ಮುಖ ಚಿಕ್ಕದು ಮಾಡಿದರು. ಪಕ್ಕದ ದುಪ್ಪಟಿಯವರು ಕುತ್ತಿಗೆ ಚಾಚಿ, "ಪಾಪಕಿ ಎಂತ ವಚ್ಚಿಂದಿ?" ಎಂದು ತೆಲುಗಿನಲ್ಲಿ ಮಾರ್ಕ್ಸು ವಿಚಾರಿಸಿದರು. "ಪರ್ವಾಗಿಲ್ಲಣ್ಣ" ಎನ್ನುತ್ತಾ ಇವರು ಫೋನು ಜೇಬಿಗೆ ತುರುಕಿದರು. ಗಾಯದ ಮೇಲೆ ಬರೆ ಎಳೆದಂತಾಯಿತು.

ಕೈ ತೊಳೆಸುವ ನೆಪದಲ್ಲಿ ಅವಳನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಮಣಿಕಟ್ಟು ಹಿಡಿದರೆ ಬರೀ ಮೂಳೆ.

"ಓದಿದ್ದೆಲ್ಲಾ ನೆನಪೈತಮ್ಮ," ಎಂದಳು. "ಪೇಪರ್ ಕೈಗೆ ಬಂದ್ರೆ ಎದೆ ಹೊಡ್ಕೊಂತೈತೆ, ಕೈ ತಣ್ಣಗಾಯ್ತದೆ, ಏನೂ ಹೊಳೆಯಲ್ಲ. ರಾತ್ರಿ ನಿದ್ದೇನೂ ಇಲ್ಲ. ನಾನೇ ಇಲ್ದಿದ್ರೆ ನಿಮ್ಗೆ ನೆಮ್ದಿ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವತ್ತು ಅದು ಬರಲಿಲ್ಲ, ಭಯ ಬಂತು. ನೇರವಾಗಿ ಕೇಳಿದೆ. "ಸಾಯ್ಬೇಕು ಅನ್ಸ್ತೈತೇನಮ್ಮ?"

ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು. "ಒಂದೊಂದ್ಸಲ."

ಆಮೇಲೆ ಅವಳ ಕೈ ಬಿಡಲಿಲ್ಲ, ಹಿಡಿದುಕೊಂಡೇ ವಾರ್ಡನ್ ಹತ್ತಿರ ಹೋಗಿ ವಿಷಯ ಹೇಳಿದೆ. ವಾರ್ಡನ್, "ಟೆಸ್ಟ್ ಹತ್ರ ಬಂದಾಗ ಎಲ್ಲಾ ಮಕ್ಳೂ ಹಿಂಗೇ ಅಂತಾರಮ್ಮ" ಎಂದರು. ಆಗ ಬಂತು ನೋಡಿ ನನ್ನ ಕೋಪ. ಅವರ ಮೇಜಿನ ಮುಂದೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಗೇಟಿನಲ್ಲಿ ನನ್ನ ಗಂಡ, "ಮನಸ್ಸಿನ ಡಾಕ್ಟ್ರ ಹತ್ರ ಹೋದ್ರೆ ಜನ ಏನಂತಾರೆ?" ಎಂದು ಗೊಣಗಿದರು. "ಜನ ಅಂದ್ಕಂಡು ಸಾಯ್ಲಿ, ನನ್ ಮಗ್ಳು ಇರ್ಬೇಕು" ಎಂದು ಆಟೋ ಹತ್ತಿಸಿ ನೇರ ಆಸ್ಪತ್ರೆಗೆ ಕರೆದೊಯ್ದೆ.

ಡಾಕ್ಟರಮ್ಮ ಮೊದಲು ಅವಳೊಬ್ಬಳ ಜೊತೆ ಮಾತಾಡಿದರು. ಆಮೇಲೆ ನಮ್ಮನ್ನು ಕರೆದು, ಇದು ಸೋಮಾರಿತನವಲ್ಲ, ವಾಸಿಯಾಗುತ್ತದೆ, ಸದ್ಯಕ್ಕೆ ಒಬ್ಬಳನ್ನೇ ಬಿಡಬೇಡಿ, ಪ್ರತಿ ವಾರ ಕರೆತನ್ನಿ ಎಂದರು. ಮುಂದಿನ ಭೇಟಿಗಳಲ್ಲಿ ಮಗಳಿಗೆ ಉಪಾಯಗಳನ್ನು ಕಲಿಸಿದರು. ಎದೆ ಹೊಡೆದುಕೊಂಡರೆ ಎರಡೂ ಪಾದ ನೆಲಕ್ಕೆ ಊರಬೇಕು. ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಉಸಿರು ಬಿಡಬೇಕು. ಪೇಪರಿನಲ್ಲಿ ಗೊತ್ತಿರುವ ಬಯಾಲಜಿಯಿಂದ ಶುರು ಮಾಡಿ, ಸಿಕ್ಕಿಕೊಂಡ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಬೇಕು, ಅದರ ಜೊತೆ ಜಗಳಕ್ಕೆ ನಿಲ್ಲಬಾರದು. ನಿದ್ದೆ ಕೆಟ್ಟು ಓದುವುದಂತೂ ಬೇಡವೇ ಬೇಡ.

"ನಿಮ್ಗೂ ಒಂದ್ ಔಷಧಿ ಐತೆ," ಎಂದು ನಮ್ಮ ಕಡೆ ತಿರುಗಿದರು. "ಊಟ ಮುಗಿಯೋಗಂಟ ಮಾರ್ಕ್ಸ್ ಮಾತು ಎತ್ತಬ್ಯಾಡಿ." ಕಹಿ ಕಷಾಯವನ್ನಾದರೂ ಕುಡಿಯುತ್ತಿದ್ದರೇನೋ, ನನ್ನ ಗಂಡನಿಗೆ ಇದು ಅದಕ್ಕಿಂತ ಕಷ್ಟವಾಯಿತು.

ಕೆಲವು ವಾರ ಊರಿನಲ್ಲೇ ಇದ್ದಳು. ಪಕ್ಕದಲ್ಲೇ ಮಲಗಿ ಅವಳ ಉಸಿರು ಕೇಳಿಸಿಕೊಳ್ಳುತ್ತಿದ್ದೆ. ಪರೀಕ್ಷೆ ಬಿಟ್ಟರೂ ಸರಿ ಎಂದೆ. ಬರೆಯುತ್ತೇನೆಂದು ಅವಳೇ ಹಟ ಹಿಡಿದಳು. ಡಾಕ್ಟರಮ್ಮ ಒಪ್ಪಿದ ಮೇಲೆ ಕಾಲೇಜಿನ ಹತ್ತಿರವೇ ಒಂದು ರೂಮು ಮಾಡಿ, ನಾನು ಅವಳ ಜೊತೆಗಿದ್ದೆ. ಹಾಸ್ಟೆಲ್ ತಪ್ಪಿತು. ಭಾನುವಾರದ ಮೆಸೇಜು ತಪ್ಪಲಿಲ್ಲ.

ಮರಳಿದ ಮೇಲೆ ಬರೆದ ಮೊದಲ ಟೆಸ್ಟಿನ ಮರುದಿನ ನನ್ನ ಗಂಡ ಊರಿಂದ ಬಂದಿದ್ದರು. ತಟ್ಟೆಗೆ ಹೋಳಿಗೆ ಹಾಕಿದ್ದೆ. ಪಕ್ಕದ ರೂಮಿನ ಫೋನು ಸದ್ದು ಮಾಡಿತು, ಹಿಂದೆಯೇ ನಮ್ಮದೂ. ಇವರ ಕೈ ಜೇಬಿನವರೆಗೆ ಹೋಗಿ ನಿಂತಿತು. ತಟ್ಟೆ ಬಿಟ್ಟು ಜೇಬನ್ನೇ ನೋಡತೊಡಗಿದರು.

ಮಗಳು ನೋಡಿದಳು. "ಅಪ್ಪ, ಎರಡೂ ಕಾಲು ನೆಲಕ್ಕೂರು. ಉಸಿರು ನಿಧಾನಕ್ಕೆ ಬಿಡು."

ಚಕ್ಕಳಮಕ್ಕಳ ಹಾಕಿದ್ದ ಕಾಲು ಬಿಚ್ಚಿ ಅವರು ನೆಲಕ್ಕೂರಿ ಕುಳಿತರು, ಉಸಿರು ಬಿಟ್ಟರು. ಫೋನು ಇನ್ನೊಮ್ಮೆ ಸದ್ದು ಮಾಡಿತು. ಮಗಳು ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡಳು. ಅವಳು ನುಂಗುವವರೆಗೂ ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ.