ಒಂದು ಸಲಕ್ಕೆ ಒಂದೇ ಬದಲಾವಣೆ

ಕರೆಂಟು ಹೋಗಬಹುದಿತ್ತು. ನೆಟ್ ಕೈಕೊಡಬಹುದಿತ್ತು. ಎಐ ಚಿತ್ರಕ್ಕೆಂದು ಮಕ್ಕಳಿಗಿದ್ದ ಫ್ರೀ ಕ್ರೆಡಿಟ್ಟು ಅರ್ಧದಲ್ಲೇ ಮುಗಿಯಬಹುದಿತ್ತು. ಠಾಣೆಯಿಂದ ಹೊರಟ ಲೋಕಲ್ ರೈಲು ನಡುವೆ ದಿವಾ ಸ್ಟೇಷನ್ನಿನಲ್ಲೇ ನಿಂತು, ನಾನೇ ತಲುಪದೆ ಹೋಗಬಹುದಿತ್ತು. ಚಿಂತೆಗೆ ವಿಷಯ ಸಿಗದ ದಿನ ಅದೇ ನನಗೊಂದು ಚಿಂತೆ.

ನಾನು ಮುಂಬಯಿ ಪಕ್ಕದ ಡೊಂಬಿವಲಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಒಳಾಂಗಣ ವಿನ್ಯಾಸ ಕಲಿಸುತ್ತೇನೆ. ಇನ್ನೂ ಕಟ್ಟದ ಕೋಣೆಯನ್ನು ಮಾತಿನಲ್ಲಿ ಬರೆದುಕೊಟ್ಟು ಎಐಯಿಂದ ಚಿತ್ರ ಬರೆಸುವುದು, ಆ ಮಾತನ್ನು, ಅಂದರೆ ಪ್ರಾಂಪ್ಟನ್ನು, ತಿದ್ದುತ್ತ ಹೋಗುವುದು, ಇದಕ್ಕೆ ಮೂರು ತರಗತಿಗಳ ಪಾಠಯೋಜನೆ ಹಾಕಿದ್ದೆ. ಹುಬ್ಬಳ್ಳಿ ಕಡೆಯ ನಮ್ಮ ವಿಭಾಗ ಮುಖ್ಯಸ್ಥರು ಅದನ್ನು ನೋಡಿ ನಕ್ಕರು.

“ಮೂರು ಯಾಕ್ರೀ ಮೇಡಂ? ನಾಕು ಪ್ರಾಂಪ್ಟ್ ಬರದು ಕೊಡ್ರಿ, ಹುಡುಗ್ರು ಕಾಪಿ ಹೊಡೀತಾವ. ಒಂದ್ ತಾಸು ಸಾಕು.”

“ಕಾಪಿ ಹೊಡೀಲಿಕ್ಕೆ ನಾನು ಯಾಕೆ ಸರ್? ಕೆಳಗೆ ಜೆರಾಕ್ಸ್ ಅಂಗಡಿ ಉಂಟಲ್ಲ.”

ಆಡಿದ ಮಾತು ವಾಪಸ್ ತಗೊಳ್ಳಲಿಲ್ಲ. “ಮೂರನೇದಕ್ಕ ನಾನೂ ಬರ್ತೀನಿ. ಸರಿ ಅನಸ್ಲಿಲ್ಲಂದ್ರ ಮುಂದಿನ ಸೆಮಿಸ್ಟರಿಗೆ ಒಂದ ತಾಸು” ಎಂದರು ಮುಖ್ಯಸ್ಥರು.

ಮೊದಲ ದಿನ ಎಲ್ಲರೂ ‘ಸುಂದರ ಮಾಡರ್ನ್ ಹೋಟೆಲ್’ ಎಂದು ಬರೆದರು. ಎಲ್ಲರಿಗೂ ಸಮುದ್ರಕ್ಕೆ ತೆರೆದ ಗಾಜಿನ ಅರಮನೆಗಳೇ ಬಂದವು. ಅಪ್ಪನಿಗೆ ಪಕ್ಕದೂರು ಕಲ್ಯಾಣದಲ್ಲಿ ವೆಜ್ ಹೋಟೆಲಿರುವ ಉಡುಪಿ ಮೂಲದ ಹುಡುಗಿಯೊಬ್ಬಳು ಅದನ್ನು ನೋಡಿ, “ಮ್ಯಾಡಮ್, ಇಸ್‌ಮೆ ಹಾಥ್ ಧೋನೆ ಕಾ ಬೇಸಿನ್ ಕಹಾಂ?” ಎಂದು ಕೈ ತೊಳೆಯುವ ಬೇಸಿನ್ ಹುಡುಕಿದಳು. ಅಲ್ಲಿಂದ ಪಾಠ ಶುರುವಾಯಿತು: ಅಗಲವೆಷ್ಟು, ನೆಲ ಯಾವುದರದು, ಬೆಳಕು ಎತ್ತಣಿಂದ, ನೋಡುವವನ ಕಣ್ಣು ಎಲ್ಲಿದೆ.

ಎರಡನೇ ದಿನ ಒಂದೇ ನಿಯಮ. ಅದೇ ಚಿತ್ರ ಮತ್ತೆ ಬರುವಂತೆ ಹಿಡಿದಿಡುವ ಸೀಡ್ ಸಂಖ್ಯೆ ಬದಲಿಸದೆ, ಒಂದು ಸಲಕ್ಕೆ ಒಂದೇ ಪದ ತಿದ್ದಬೇಕು. ಆಗ ಯಾವ ಪದ ಏನು ಮಾಡಿತೆಂದು ತಿಳಿಯುತ್ತದೆ.

ಮೂರನೇ ದಿನ ಮಕ್ಕಳು ಎಐಗೆ ತಮ್ಮದೇ ರೇಖಾಚಿತ್ರ ಕೊಟ್ಟು, ಬಂದ ಚಿತ್ರವನ್ನು ನಕ್ಷೆಯ ಪಕ್ಕ ಇಟ್ಟು ನೋಡಿದರು. ಉಡುಪಿ ಹುಡುಗಿಯ ಅಪ್ಪನ ಹೋಟೆಲಿಗೂ ಎಡಪಕ್ಕದ ಮೆಡಿಕಲ್ ಅಂಗಡಿಗೂ ಒಂದೇ ಗೋಡೆ; ಯಂತ್ರ ಅದರಲ್ಲೊಂದು ಕಿಟಕಿ ಕೊರೆದಿತ್ತು. ‘ಕಿಟಕಿ ಬೇಡ’ ಎಂದು ಬರೆದರೆ ಎರಡು ಬಂದವು. ಚಿಂತಿಸಬೇಡ ಎಂದರೆ ನನಗೂ ಹೀಗೇ ಆಗುತ್ತದೆ. ‘ಎಡಗೋಡೆಗೆ ನೆಲದಿಂದ ಚಾವಣಿಯವರೆಗೆ ಬಿಳಿ ಟೈಲ್ಸ್’ ಎಂದ ಮೇಲೆ ಗೋಡೆ ಮುಚ್ಚಿತು.

ಅಷ್ಟರಲ್ಲಿ ಮುಖ್ಯಸ್ಥರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. “ನೀವ ಒಂದು ಮಾಡಿ ತೋರಸ್ರಿ.”

ಕರೆಂಟಿತ್ತು, ನೆಟ್ಟೂ ಇತ್ತು. ನಾನು ಆ ಹುಡುಗಿಯ ಪ್ರಾಂಪ್ಟಿನಲ್ಲೇ ಟ್ಯೂಬ್‌ಲೈಟ್ ತೆಗೆದು ಬೆಳಗಿನ ಬಿಸಿಲು ಹಾಕಿದೆ. ಗಾಬರಿಯಲ್ಲಿ ಕೈ ತಡೆಯದೆ, ಹೊಳೆಯುವ ಟೈಲ್ಸ್ ನೆಲವನ್ನೂ ಹಸಿರುಬೂದು ಕೋಟಾ ಕಲ್ಲು ಮಾಡಿಬಿಟ್ಟೆ. ಚಿತ್ರ ಬಂತು.

“ಭಾಳ ಚಂದ ಆತು!” ಎಂದರು ಮುಖ್ಯಸ್ಥರು.

“ಲೇಕಿನ್ ಕಿಸ್ ಸೇ, ಸರ್?” ಹುಡುಗಿ ಎದ್ದು ನಿಂತಿದ್ದಳು. “ಮ್ಯಾಡಮ್ ನೆ ಏಕ್ ಸಾಥ್ ದೋ ಚೀಜ್ ಬದಲ್ ದೀ.”

ಚಂದವಾದದ್ದು ಬಿಸಿಲಿನಿಂದಲೋ ಕಲ್ಲಿನಿಂದಲೋ, ಒಂದೇ ಸಲ ಎರಡು ಬದಲಿಸಿದ್ದ ನನಗೂ ಗೊತ್ತಿರಲಿಲ್ಲ. ಇಡೀ ತರಗತಿ ‘ಹೋ’ ಎಂದಿತು. ನಾನು ತಲೆ ತಗ್ಗಿಸದೆ ಎಲ್ಲರೆದುರೇ ನೆಲವನ್ನು ಮತ್ತೆ ಟೈಲ್ಸ್ ಮಾಡಿದೆ.

“ಮೂರೂ ಇರ್ಲಿ ಬಿಡ್ರಿ,” ಮುಖ್ಯಸ್ಥರು ಎದ್ದರು. “ಎರಡನೇ ಕ್ಲಾಸಿಗೆ ಮಾತ್ರ ನೀವೂ ಹುಡುಗ್ರ ಜೋಡಿ ಬಂದು ಕುಂದರ್ರಿ.”